ಬಾಂಡ್ ಮಾರಿದ್ರೆ ಆರ್‌ಬಿಐಗೆ ದುಡ್ಡು ಬಂತಲ್ಲ, ಮತ್ತೆ ಮಾರ್ಕ್ಸ್ ಎಲ್ಲಿ ಹೋಯ್ತು?

"ಸರ್, ನಾನು ಕಾರವಾರದಲ್ಲಿ ಸೆಕೆಂಡ್ ಪಿಯು ಕಾಮರ್ಸ್. ಟೆಸ್ಟಲ್ಲಿ 'ಮುಕ್ತ ಮಾರುಕಟ್ಟೆ ಕಾರ್ಯಾಚರಣೆ ಎಂದರೇನು? ಅದು ಹಣದ ಪೂರೈಕೆಯ ಮೇಲೆ ಹೇಗೆ ಪರಿಣಾಮ ಬೀರುತ್ತದೆ?' ಅಂತ 4 ಮಾರ್ಕ್ಸಿಗೆ ಬಂದಿತ್ತು. ಒಂದೂವರೆ ಪೇಜ್ ಬರ್ದೆ, 2 ಕೊಟ್ಟಿದ್ದಾರೆ. ನನ್ನ ಫ್ರೆಂಡ್ ಮುಕ್ಕಾಲು ಪೇಜಿಗೆ 4 ತಗೊಂಡ್ಳು. ಪೇಪರ್ ಫೋಟೋ ಕಳಿಸಿದ್ದೇನೆ, ಎಲ್ಲಿ ಕಟ್ ಆಯ್ತು ಹೇಳ್ತೀರಾ?"

ತಂಗೀ, ಫೋಟೋ ಎರಡು ಸಲ ಓದಿದೆ. ನಾನು ಕರೆಕ್ಷನ್ ಮಾಡಿದ್ರೂ 2 ಕೊಡ್ತಿದ್ದೆ. ಆದ್ರೆ ಆ 2 ಎಲ್ಲಿಂದ ಬಂತು, ಉಳಿದ 2 ಎಲ್ಲಿ ಹೋಯ್ತು ಅನ್ನೋದು ನಿನ್ನ ಪೇಪರಲ್ಲಿ ಬರೀ ಒಂದು ಕೆಂಪು ಅಂಕಿಯಲ್ಲಿ ಮುಗಿದುಹೋಗಿದೆ, ಅದಕ್ಕೆ ಸಾಲು ಸಾಲಾಗಿ ಬಿಡಿಸಿ ಬರೀತಾ ಇದ್ದೇನೆ, ಪೇಪರ್ ಪಕ್ಕದಲ್ಲಿ ಇಟ್ಕೊಂಡು ಓದು.

ಮೊದಲು ನಾನು 4 ಮಾರ್ಕ್ಸನ್ನ ಹೆಂಗೆ ಹಂಚ್ತೇನೆ ಹೇಳ್ತೇನೆ. ಅರ್ಥಕ್ಕೆ 1, ಆರ್‌ಬಿಐ ಬಾಂಡ್ ಕೊಂಡಾಗ ಏನಾಗ್ತದೆ ಅನ್ನೋದಕ್ಕೆ 1, ಮಾರಿದಾಗ ಏನಾಗ್ತದೆ ಅನ್ನೋದಕ್ಕೆ 1, ಎರಡು ಬಗೆ ಅಂದ್ರೆ ನೇರ ಖರೀದಿ ಮತ್ತೆ ರೆಪೊ ಅದಕ್ಕೆ 1. ಪ್ರಶ್ನೆ ಬೇರೆ ಥರ ಕೇಳಿದ್ರೆ ಹಂಚಿಕೆಯೂ ಬದಲಾಗ್ತದೆ, ಆದ್ರೆ ಪರಿಣಾಮ ಏನು ಅಂತ ಕೇಳಿದ ಮೇಲೆ ನಡುವಿನ ಎರಡು ಮಾರ್ಕ್ಸ್ ಯಾವತ್ತೂ ಪರಿಣಾಮದ್ದೇ. ನಿಂಗೆ ಅರ್ಥಕ್ಕೆ ಅರ್ಧ, ಕೊಳ್ಳೋದಕ್ಕೆ ಅರ್ಧ, ಮಾರೋದಕ್ಕೆ ಸೊನ್ನೆ, ರೆಪೊಗೆ ಪೂರ್ತಿ 1, ಒಟ್ಟು 2. ರೆಪೊ ಭಾಗ ತುಂಬಾ ಚೊಲೋ ಬರ್ದಿದ್ದೀಯ, ವಾಪಸ್ ಕೊಳ್ಳೋ ತಾರೀಕು ಮತ್ತೆ ಬೆಲೆ ಮೊದಲೇ ಗೊತ್ತಾಗಿರ್ತದೆ ಅಂತ ಹೇಳಿದ್ದೀಯಲ್ಲ, ಪೂರ್ತಿ ಮಾರ್ಕ್ಸ್ ಅದಕ್ಕೇ ಬಂದದ್ದು, ಅದನ್ನ ಮುಟ್ಟೋದು ಬೇಡ.

ಮೊದಲ ಪೇಜಿನ ಮುಕ್ಕಾಲು ಭಾಗದಲ್ಲಿ ನೀನು ಆರ್‌ಬಿಐ 1935ರಲ್ಲಿ ಶುರುವಾಯ್ತು, ನೋಟು ಪ್ರಿಂಟ್ ಮಾಡ್ತದೆ, ಬ್ಯಾಂಕುಗಳ ಬ್ಯಾಂಕು, ಸಿಆರ್‌ಆರ್, ಎಸ್‌ಎಲ್‌ಆರ್, ಬ್ಯಾಂಕ್ ದರ ಅಂತೆಲ್ಲ ಬರ್ದಿದ್ದೀಯ. ಒಂದೂ ತಪ್ಪಿಲ್ಲ, ಒಂದಕ್ಕೂ ಮಾರ್ಕ್ಸಿಲ್ಲ, ಯಾಕಂದ್ರೆ ಕೇಳಿದ್ದು ಅದಲ್ಲ. ನಿನ್ನ ಫ್ರೆಂಡಿನ ಮುಕ್ಕಾಲು ಪೇಜಲ್ಲಿ ಇದು ಇರ್ಲಿಕ್ಕಿಲ್ಲ, ಅಷ್ಟೇ.

ಈಗ ಅರ್ಥದ ಸಾಲು. ನೀನು ಬರ್ದದ್ದು "ಆರ್‌ಬಿಐ ಸರ್ಕಾರದಿಂದ ಬಾಂಡುಗಳನ್ನು ಕೊಳ್ಳುವುದು ಮತ್ತು ಸರ್ಕಾರಕ್ಕೆ ಮಾರುವುದು" ಅಂತ. ಯಾರು ಮಾಡ್ತಾರೆ, ಆರ್‌ಬಿಐ, ಸರಿ. ಯಾವುದನ್ನ, ಸರ್ಕಾರಿ ಬಾಂಡು, ಅದೂ ಸರಿ. ಯಾರ ಜೊತೆ ಅನ್ನೋದು ತಪ್ಪಿತು, ಅರ್ಧ ಹೋಯ್ತು. ಪಾಠದಲ್ಲಿ "ಸರ್ಕಾರದ ಪರವಾಗಿ" ಅನ್ನೋ ಮಾತು ಬರ್ತದೆ, ಅದನ್ನ ಓದಿ ಸುಮಾರು ಮಕ್ಕಳು ಹಿಂಗೇ ತಿಳ್ಕೊಳ್ತಾರೆ. ಸರ್ಕಾರ ಸಾಲ ಎತ್ತೋಕೆ ಹೊಸ ಬಾಂಡ್ ಬಿಡೋದು ಒಂದು ಕೆಲಸ, ಅವತ್ತು ಅದನ್ನ ಬ್ಯಾಂಕು, ವಿಮಾ ಕಂಪನಿ ಇಂಥವರು ಕೊಳ್ತಾರೆ. ಹಂಗೆ ಈಗಾಗ್ಲೇ ಬೇರೆಯವರ ಕೈಯಲ್ಲಿರೋ ಬಾಂಡನ್ನ ಆರ್‌ಬಿಐ ಆಮೇಲೆ ಮಾರುಕಟ್ಟೆಯಲ್ಲಿ ಅವರಿಂದ ಕೊಳ್ಳೋದು ಅಥವಾ ತನ್ನ ಹತ್ರ ಇರೋದನ್ನ ಅವರಿಗೆ ಮಾರೋದು ಇನ್ನೊಂದು ಕೆಲಸ, ಮುಕ್ತ ಮಾರುಕಟ್ಟೆ ಕಾರ್ಯಾಚರಣೆ ಅಂದ್ರೆ ಈ ಎರಡನೇದು. ಸರ್ಕಾರದ ಸಾಲ, ಕೊರತೆಗೆ ಕಡಿವಾಣ ಹಾಕೋ 2003ರ ಎಫ್‌ಆರ್‌ಬಿಎಂ ಕಾಯ್ದೆ ಪ್ರಕಾರ 2006ರ ಏಪ್ರಿಲ್ 1ರಿಂದ, ಅಸಾಧಾರಣ ಸಂದರ್ಭ ಬಿಟ್ರೆ, ಆರ್‌ಬಿಐ ಸರ್ಕಾರದ ಹೊಸ ಬಾಂಡನ್ನ ನೇರವಾಗಿ ಕೊಳ್ಳೋ ಹಾಗೇ ಇಲ್ಲ. ಇದನ್ನ ಉತ್ತರದಲ್ಲಿ ಬರಿ ಅಂತ ಹೇಳ್ತಾ ಇಲ್ಲ, "ಬ್ಯಾಂಕುಗಳು ಮತ್ತು ಸಾರ್ವಜನಿಕರೊಂದಿಗೆ" ಅನ್ನೋ ಮೂರು ಪದ ಹಾಕಿದ್ರೆ ಆ ಅರ್ಧ ವಾಪಸ್ ಬರ್ತದೆ. ಮತ್ತೆ 'ಮುಕ್ತ' ಅನ್ನೋ ಪದ ಕೊನೇ ಪಾಠದ ಮುಕ್ತ ಅರ್ಥವ್ಯವಸ್ಥೆಯಲ್ಲೂ ಬರ್ತದಲ್ಲ, ಅದಕ್ಕೆ ಆಮದು ರಫ್ತು ಅಂತ ಶುರು ಮಾಡೋರೂ ಇದ್ದಾರೆ, ಶೇರ್ ಮಾರ್ಕೆಟ್ ಅಂತ ಬರೆಯೋರೂ ಇದ್ದಾರೆ. ನೀನು ಆ ದಾರಿ ಹಿಡ್ದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಮಾರೋ ಭಾಗದಲ್ಲಿ. ನಿನ್ನ ಸಾಲು ಇದು: "ಆರ್‌ಬಿಐ ಬಾಂಡುಗಳನ್ನು ಮಾರಿದಾಗ ಅದಕ್ಕೆ ಹಣ ಬರುತ್ತದೆ, ಆದ್ದರಿಂದ ಹಣದ ಪೂರೈಕೆ ಹೆಚ್ಚಾಗುತ್ತದೆ." ಇದು ಗಡಿಬಿಡಿಯಲ್ಲಿ ಆದ ತಪ್ಪಲ್ಲ ಅಂತ ನಂಗನ್ಸತದೆ, ಯೋಚನೆ ಮಾಡೇ ಬರ್ದಿದ್ದೀಯ. ಮಾರಿದವರಿಗೆ ದುಡ್ಡು ಬರ್ತದೆ ಅನ್ನೋದು ನಿಜ ತಾನೇ, ಅಪ್ಪ ಮೀನು ಮಾರಿದ್ರೆ ಮನೆಗೆ ದುಡ್ಡು ಬರ್ತದೆ, ನಮ್ಮ ಶಿರಸಿ ಕಡೆ ಅಡಿಕೆ ಮಾರಿದ್ರೆ ಬರ್ತದೆ. ಆದ್ರೆ ಆರ್‌ಬಿಐ ನಮ್ಮ ನಿಮ್ಮ ಹಾಗೆ ಮಾರಾಟಗಾರ ಅಲ್ಲ, ಇಡೀ ಪ್ರಶ್ನೆ ಇರೋದೇ ಇಲ್ಲಿ.

ಹಿಂಗೆ ನೋಡು. ಕೋಡಿಬಾಗದಲ್ಲಿ ಒಬ್ಬ ಅಂಗಡಿಯವನು ಚಿಲ್ಲರೆ ಇಲ್ಲ ಅಂತ 5 ರೂಪಾಯಿಗೆ ಸಹಿ ಹಾಕಿ ಒಂದು ಚೀಟಿ ಕೊಟ್ಟ ಅಂತಿಟ್ಕೋ. ಆ ಚೀಟಿ ನಿನ್ನ ಕೈಯಲ್ಲಿದ್ದಾಗ ಅದಕ್ಕೆ 5 ರೂಪಾಯಿ ಬೆಲೆ ಇದೆ, ಓಣಿಯಲ್ಲಿ ಎಲ್ರೂ ಅವನನ್ನ ನಂಬಿದ್ರೆ ನೀನು ಅದನ್ನ ಪಕ್ಕದವರಿಗೂ ಕೊಡಬಹುದು, ಅವರು ಇನ್ನೊಬ್ಬರಿಗೂ ಕೊಡಬಹುದು. ಮರುದಿನ ಅದೇ ಚೀಟಿ ಕೊಟ್ಟು ಅವನ ಹತ್ರ ಬಿಸ್ಕಿಟ್ ತಗೊಂಡೆ. ಈಗ ಚೀಟಿ ಅವನ ಕೈಗೆ ಬಂತು, ಅವನಿಗೆ 5 ರೂಪಾಯಿ ಬಂದ ಹಾಗಾಯ್ತಾ? ಇಲ್ಲ, ಅವನು ಕೊಡಬೇಕಾಗಿದ್ದ 5 ರೂಪಾಯಿ ತೀರಿತು, ಅವನು ಅದನ್ನ ಹರಿದು ಬಿಸಾಡ್ತಾನೆ, ಓಣಿಯಲ್ಲಿ ತಿರುಗ್ತಾ ಇದ್ದ ಚೀಟಿಗಳಲ್ಲಿ ಒಂದು ಕಮ್ಮಿ ಆಯ್ತು. ಆರ್‌ಬಿಐಗೆ ಹಣ ಅಂದ್ರೆ ಹಂಗೇ ತನ್ನದೇ ಸಹಿಯ ಚೀಟಿ. ನೋಟಿನ ಮೇಲೆ ಧಾರಕನಿಗೆ ಇಷ್ಟು ರೂಪಾಯಿ ಕೊಡ್ತೇನೆ ಅಂತ ಗವರ್ನರ್ ಸಹಿ ಇರ್ತದಲ್ಲ, ಅದು ಆರ್‌ಬಿಐನ ಹೊಣೆ. ಬ್ಯಾಂಕುಗಳು ಆರ್‌ಬಿಐನಲ್ಲಿ ಇಟ್ಟಿರೋ ಖಾತೆಯ ಬಾಕಿಯೂ ಆರ್‌ಬಿಐ ಕೊಡಬೇಕಾದದ್ದೇ. ಅದು ವಾಪಸ್ ಆರ್‌ಬಿಐಗೆ ಬಂದ್ರೆ ಜಮಾ ಆಗೋದಲ್ಲ, ಅಳಿಸಿ ಹೋಗೋದು. ಹಣದ ಪೂರೈಕೆ ಲೆಕ್ಕ ಹಾಕುವಾಗ ಜನರ ಕೈಯಲ್ಲಿರೋ ನೋಟು ನಾಣ್ಯ, ಬ್ಯಾಂಕಿನಲ್ಲಿ ಜನರ ಠೇವಣಿ ಇವನ್ನ ಹಿಡೀತಾರೆ, ಆರ್‌ಬಿಐ ಒಳಗೆ ಬಂದದ್ದನ್ನ ಹಿಡಿಯೋದಿಲ್ಲ. ಅದಕ್ಕೆ ಬಾಂಡ್ ಮಾರಿದ್ರೆ ಹಣದ ಪೂರೈಕೆ ಕಮ್ಮಿ ಆಗ್ತದೆ, ಕೊಂಡ್ರೆ ಹೆಚ್ಚಾಗ್ತದೆ. ಬಾಂಡ್ ಆರ್‌ಬಿಐ ಕಡೆಗೆ ಹೋದ್ರೆ ದುಡ್ಡು ಹೊರಗೆ ಬರ್ತದೆ, ಬಾಂಡ್ ಹೊರಗೆ ಬಂದ್ರೆ ದುಡ್ಡು ಒಳಗೆ ಹೋಗಿ ಮಾಯ ಆಗ್ತದೆ.

ಈ ಭಾಗಕ್ಕೆ ಸೊನ್ನೆ ಯಾಕೆ, ಅರ್ಧನಾದ್ರೂ ಕೊಡಬಹುದಿತ್ತಲ್ಲ ಅಂತ ಕೇಳ್ತೀಯೇನೋ. ದಿಕ್ಕು ತಿರುಗಿ ಹೋದ್ರೆ ಕೊಡೋಕೆ ಜಾಗ ಇರೋದಿಲ್ಲ ತಂಗಿ, ಯಾಕಂದ್ರೆ ಆ 1 ಮಾರ್ಕ್ಸ್ ಇರೋದೇ ದಿಕ್ಕಿಗೆ ಮತ್ತೆ ಅದರ ಕಾರಣಕ್ಕೆ. ಇನ್ನೊಂದು, ಅದರ ಹಿಂದಿನ ಸಾಲಲ್ಲೇ ನೀನು "ಹಣದುಬ್ಬರ ಹೆಚ್ಚಾದಾಗ ಬಾಂಡ್ ಮಾರುತ್ತದೆ" ಅಂತ ಸರಿಯಾಗಿ ಬರ್ದಿದ್ದೀಯ. ಬೆಲೆ ಏರ್ತಾ ಇರುವಾಗ ಆರ್‌ಬಿಐ ಹಣ ಇನ್ನೂ ಹೆಚ್ಚು ಮಾಡೋ ಕೆಲಸಕ್ಕೆ ಯಾಕೆ ಹೋಗ್ತದೆ? ಎರಡು ಸಾಲು ಒಂದಕ್ಕೊಂದು ಜಗಳ ಆಡ್ತಾ ಇವೆ. ದಿಕ್ಕು ತಪ್ಪಿದ್ಯಾ ಅಂತ ಪರೀಕ್ಷೆ ಹಾಲಲ್ಲೇ ಗೊತ್ತಾಗೋದು ಹಿಂಗೆ, ಹಣದುಬ್ಬರದ ಸಾಲಿನ ಜೊತೆ ಇಟ್ಟು ಓದಿದ್ರೆ ಸಾಕು.

ಇನ್ನು ಕೊಳ್ಳೋ ಭಾಗ. "ಆರ್‌ಬಿಐ ಬಾಂಡ್ ಕೊಂಡಾಗ ಹಣದ ಪೂರೈಕೆ ಹೆಚ್ಚಾಗುತ್ತದೆ" ಅಂತ ಒಂದೇ ಸಾಲು ಬರ್ದು ಮುಂದೆ ಹೋಗಿದ್ದೀಯ. ದಿಕ್ಕು ಸರಿ, ಅದಕ್ಕೆ ಅರ್ಧ. ಪ್ರಶ್ನೆಯಲ್ಲಿ "ಹೇಗೆ" ಅಂತ ಇದೆ, ಆ ಹೇಗೆ ನಿನ್ನ ಉತ್ತರದಲ್ಲಿ ಇಲ್ಲ, ಅದಕ್ಕೆ ಇನ್ನರ್ಧ ಹೋಯ್ತು. ಅಲ್ಲಿ ಬೇಕಾಗಿರೋ ಪದ ಒಂದೇ, ಮೀಸಲು, ಅಂದ್ರೆ ಬ್ಯಾಂಕು ಆರ್‌ಬಿಐನ ಖಾತೆಯಲ್ಲಿ ಇಟ್ಟಿರೋ ದುಡ್ಡು. ಬಾಂಡಿನಿಂದ ಹಣದ ಪೂರೈಕೆಗೆ ಹೋಗೋ ದಾರಿಯಲ್ಲಿ ಬ್ಯಾಂಕಿನ ಮೀಸಲು ನಡುವೆ ಇದೆ, ಅದನ್ನ ಹಾರಿ ಹೋಗೋಕೆ ಬರೋದಿಲ್ಲ.

ಒಂದು ಲೆಕ್ಕ ಮಾಡಿ ತೋರಿಸ್ತೇನೆ. ದೇಶದಲ್ಲಿರೋ ಬ್ಯಾಂಕುಗಳನ್ನೆಲ್ಲ ಸೇರಿಸಿ ಒಂದೇ ಬ್ಯಾಂಕು ಅಂತಿಟ್ಕೋ, ಲೆಕ್ಕ ಸುಲಭ ಆಗ್ತದೆ. ಜನರ ಠೇವಣಿ 1,000 ಕೋಟಿ. ಸಿಆರ್‌ಆರ್, ಅಂದ್ರೆ ಠೇವಣಿಯಲ್ಲಿ ಮೀಸಲಾಗಿ ಇಡಲೇಬೇಕಾದ ಪಾಲು, 10% ಅಂತ ಇಡೋಣ, ನಿಜವಾಗಿ 2025ರ ನವೆಂಬರ್ ಕೊನೆಗೆ ಅದನ್ನ 3%ಕ್ಕೆ ಇಳಿಸಿದ್ದಾರೆ, ಆದ್ರೆ 10 ಲೆಕ್ಕಕ್ಕೆ ಚೊಲೋ. ಹಂಗಾದ್ರೆ ಮೀಸಲು 100 ಕೋಟಿ, ಸರ್ಕಾರಿ ಬಾಂಡ್ 300 ಕೋಟಿ, ಕೊಟ್ಟ ಸಾಲ 600 ಕೋಟಿ, ಮೂರೂ ಕೂಡಿದ್ರೆ 1,000.

ಈಗ ಆರ್‌ಬಿಐ ಈ ಬ್ಯಾಂಕಿನಿಂದ 50 ಕೋಟಿ ಬಾಂಡ್ ಕೊಂಡಿತು. ಬ್ಯಾಂಕಿನ ಬಾಂಡ್ 250ಕ್ಕೆ ಇಳೀತು, ಆರ್‌ಬಿಐ ಅದರ ಖಾತೆಗೆ 50 ಹಾಕಿತು, ಮೀಸಲು 150 ಆಯ್ತು, ಸಾಲ 600 ಅಲ್ಲೇ ಇದೆ, ಒಟ್ಟು ಮತ್ತೆ 1,000. ಇಲ್ಲಿ ಸ್ವಲ್ಪ ನಿಲ್ಲು. ಜನರ ಠೇವಣಿ ಎಷ್ಟು? ಇನ್ನೂ 1,000ವೇ. ಅಂದ್ರೆ ಬ್ಯಾಂಕಿನಿಂದ ಕೊಂಡ ಅದೇ ಕ್ಷಣದಲ್ಲಿ ಹಣದ ಪೂರೈಕೆ ಒಂದು ರೂಪಾಯಿಯೂ ಹೆಚ್ಚಾಗಿಲ್ಲ, ಹೆಚ್ಚಾದದ್ದು ಮೀಸಲು ಮಾತ್ರ. ತುಂಬಾ ಮಕ್ಕಳಿಗೆ ಇದು ಗೊತ್ತಿರೋದಿಲ್ಲ, ಬಾಂಡ್ ಕೊಂಡ ತಕ್ಷಣ ಊರಲ್ಲಿ ದುಡ್ಡು ಸುರೀತದೆ ಅಂತ ತಿಳ್ಕೊಂಡಿರ್ತಾರೆ.

ಹೆಚ್ಚಾಗೋದು ಮುಂದಿನ ಹೆಜ್ಜೆಯಲ್ಲಿ. 1,000 ಕೋಟಿ ಠೇವಣಿಗೆ ಇಡಬೇಕಾದ ಮೀಸಲು 100, ಇರೋದು 150, ಹೆಚ್ಚುವರಿ 50. ಬ್ಯಾಂಕು ಆ 50 ಸಾಲ ಕೊಡ್ತದೆ, ಸಾಲ ತಗೊಂಡವ ಯಾರಿಗೋ ಬೋಟ್ ರಿಪೇರಿ ದುಡ್ಡು ಕೊಡ್ತಾನೆ, ಅವನು ಬ್ಯಾಂಕಿಗೆ ಹಾಕ್ತಾನೆ, ಠೇವಣಿ 50 ಹೆಚ್ಚಿತು. ಅದರಲ್ಲಿ 5 ಮೀಸಲಿಟ್ಟು 45 ಮತ್ತೆ ಸಾಲ, ಆಮೇಲೆ ನಾಲ್ಕೂವರೆ ಇಟ್ಟು ನಲವತ್ತೂವರೆ ಸಾಲ, ಹಿಂಗೆ ಸಣ್ಣ ಆಗ್ತಾ ಆಗ್ತಾ ಹೋಗ್ತದೆ. ಕೊನೆಗೆ ಎಲ್ಲ ಕೂಡಿದ್ರೆ 50ಕ್ಕೆ ಹತ್ತು ಪಟ್ಟು, 500 ಕೋಟಿ ಹೊಸ ಠೇವಣಿ. ಹಣದ ಗುಣಕ ಅಂದ್ರೆ 1 ಭಾಗಿಸು ಸಿಆರ್‌ಆರ್, ಇಲ್ಲಿ 10. ಸರಿ ಇದ್ಯಾ ನೋಡೋಣ: ಠೇವಣಿ 1,500, ಮೀಸಲು 150, ಬಾಂಡ್ 250, ಸಾಲ 1,100, ಕೂಡಿಸು, 1,500 ಬಂತಲ್ಲ. ಮೀಸಲು ಠೇವಣಿಯ ಸರಿಯಾಗಿ 10%, ಇನ್ನು ಮುಂದೆ ಸಾಲ ಕೊಡೋಕೆ ಹೆಚ್ಚುವರಿ ಏನೂ ಉಳಿದಿಲ್ಲ, ಅಲ್ಲಿಗೆ ನಿಲ್ತದೆ.

ಆರ್‌ಬಿಐ ಬ್ಯಾಂಕಿನಿಂದ ಅಲ್ಲದೆ ಒಬ್ಬ ವ್ಯಕ್ತಿಯಿಂದ ಅಥವಾ ವಿಮಾ ಕಂಪನಿಯಿಂದ ಕೊಂಡ್ರೆ ಸ್ವಲ್ಪ ಬೇರೆ. ಅವರಿಗೆ ಚೆಕ್ ಸಿಗ್ತದೆ, ಅದನ್ನ ತಮ್ಮ ಬ್ಯಾಂಕಿಗೆ ಹಾಕ್ತಾರೆ, ಅವತ್ತೇ ಠೇವಣಿ 50 ಏರ್ತದೆ, ಮೀಸಲೂ 50 ಏರ್ತದೆ, ಮುಂದೆ ಅದೇ ಸಾಲದ ಸರಪಳಿ. ಪಾಠದಲ್ಲಿರೋ ಚೆಕ್ ಉದಾಹರಣೆ ಇದೇ. ಯಾವುದನ್ನ ಬರ್ದ್ರೂ ಮಾರ್ಕ್ಸ್ ಇದೆ, ಮೀಸಲು ಅನ್ನೋ ಕೊಂಡಿ ಇರಬೇಕು.

ಗುಣಕದ ಬಗ್ಗೆ ಒಂದು ಎಚ್ಚರಿಕೆ. ಈ ಹತ್ತು ಪಟ್ಟು ಗರಿಷ್ಠ ಮಿತಿ, ಇಷ್ಟು ಆಗೇ ಆಗ್ತದೆ ಅಂತಲ್ಲ. 3% ಸಿಆರ್‌ಆರ್ ಹಾಕಿ ಲೆಕ್ಕ ಮಾಡಿದ್ರೆ 33 ಪಟ್ಟು ಬರ್ತದೆ, ನಿಜದಲ್ಲಿ ಅಷ್ಟು ಯಾವತ್ತೂ ಆಗೋದಿಲ್ಲ, ಯಾಕಂದ್ರೆ ಜನ ಸ್ವಲ್ಪ ದುಡ್ಡನ್ನ ನೋಟಾಗೇ ಮನೆಯಲ್ಲಿ ಇಟ್ಕೊಳ್ತಾರೆ, ಬ್ಯಾಂಕುಗಳೂ ಹೆಚ್ಚುವರಿ ದುಡ್ಡನ್ನೆಲ್ಲ ಸಾಲ ಕೊಡೋದಿಲ್ಲ, ಒಳ್ಳೆ ಸಾಲಗಾರ ಸಿಗದಿದ್ರೆ ಆರ್‌ಬಿಐ ಹತ್ರವೇ ಬಡ್ಡಿಗೆ ಇಟ್ಟು ಸುಮ್ಮನಿರ್ತಾವೆ. ಅದಕ್ಕೆ "500 ಕೋಟಿ ಹೆಚ್ಚಾಗುತ್ತದೆ" ಅನ್ನೋ ಬದಲು "ಗರಿಷ್ಠ 500 ಕೋಟಿಯವರೆಗೆ ಹೆಚ್ಚಾಗಬಹುದು" ಅಂತ ಬರಿ. 4 ಮಾರ್ಕ್ಸಿನ ಪ್ರಶ್ನೆಗೆ ಗುಣಕ ಬರೀಲೇಬೇಕು ಅಂತಿಲ್ಲ, ಬರ್ದ್ರೆ ಸರಿಯಾಗಿ ಬರೀಬೇಕು.

ನಿಜವಾಗಿ ಇದು ನಡೆಯೋದು ಹೆಂಗೆ ಅಂತ ಗೊತ್ತಿದ್ರೆ ದಿಕ್ಕು ಇನ್ನು ಮರೆಯೋದಿಲ್ಲ ಅಂತ ಇದನ್ನೂ ಹೇಳಿಬಿಡ್ತೇನೆ, ಉತ್ತರದಲ್ಲಿ ಹಾಕಬೇಡ. 2025ರ ಡಿಸೆಂಬರಲ್ಲಿ ಆರ್‌ಬಿಐ 1 ಲಕ್ಷ ಕೋಟಿ ರೂಪಾಯಿ ಸರ್ಕಾರಿ ಬಾಂಡ್ ಕೊಳ್ತೇನೆ ಅಂತ ಹೇಳ್ತು, 11ಕ್ಕೆ 50,000 ಕೋಟಿ, 18ಕ್ಕೆ 50,000 ಕೋಟಿ. ಬ್ಯಾಂಕುಗಳ ಹತ್ರ ದುಡ್ಡಿನ ಹರಿವು ಸಾಕಾಗಬೇಕು ಅನ್ನೋದು ಉದ್ದೇಶ, ಅದಕ್ಕೇ ಕೊಂಡದ್ದು, ಮಾರಿದ್ದಲ್ಲ. ಇದು ಇ-ಕುಬೇರ್ ಅನ್ನೋ ಆರ್‌ಬಿಐನ ಸಿಸ್ಟಂನಲ್ಲಿ ಹರಾಜಾಗಿ ನಡೀತದೆ. ನಮ್ಮ ಶಿರಸಿಯಲ್ಲಿ ಅಡಿಕೆ ಟೆಂಡರಿಗೆ ವ್ಯಾಪಾರಿಗಳು ಒಬ್ಬರಿಗೊಬ್ಬರು ಕಾಣದ ಹಾಗೆ ದರ ಬರೀತಾರೆ, ಹೆಚ್ಚು ಬರ್ದವರಿಗೆ ಮಾಲು ಹೋಗ್ತದೆ. ಇಲ್ಲಿ ಅದು ತಿರುಗಾ ಮುರುಗಾ, ಕೊಳ್ಳೋದು ಆರ್‌ಬಿಐ ಒಂದೇ, ಮಾರೋರು ಬ್ಯಾಂಕುಗಳು, ಅವರು ಇಷ್ಟು ಬೆಲೆಗೆ ಕೊಡ್ತೇವೆ ಅಂತ ದರ ಹಾಕ್ತಾರೆ, ಕಡಿಮೆ ಕೇಳಿದವರಿಂದ ಶುರು ಮಾಡಿ ತನಗೆ ಬೇಕಾದಷ್ಟು ತುಂಬೋ ತನಕ ಆರ್‌ಬಿಐ ತಗೊಳ್ತದೆ. ಮಾರಿದ ಬ್ಯಾಂಕಿನ ಖಾತೆಗೆ ದುಡ್ಡು ಜಮಾ ಆಗ್ತದೆ, ಆ ದುಡ್ಡು ಆರ್‌ಬಿಐ ಎಲ್ಲಿಂದಲೋ ತಂದದ್ದಲ್ಲ, ಖಾತೆಯಲ್ಲಿ ಅಂಕಿ ಬರ್ದು ಹುಟ್ಟಿಸಿದ್ದು. ಅಂಗಡಿಯವನು ಹೊಸ ಚೀಟಿ ಬರ್ದ ಹಾಗೆ.

ಈಗ ಪೂರ್ತಿ ಮಾರ್ಕ್ಸ್ ಬರೋ ಉತ್ತರ ಪರೀಕ್ಷೆಯ ಭಾಷೆಯಲ್ಲಿ ಹೆಂಗಿರ್ತದೆ ಅಂತ ಬರ್ದು ತೋರಿಸ್ತೇನೆ. ಹನ್ನೆರಡು ವಾಕ್ಯದ ಆಸುಪಾಸು ಇದ್ರೆ ಸಾಕು:

"ಕೇಂದ್ರ ಬ್ಯಾಂಕು ಸರ್ಕಾರಿ ಬಾಂಡುಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ವಾಣಿಜ್ಯ ಬ್ಯಾಂಕುಗಳು ಮತ್ತು ಸಾರ್ವಜನಿಕರಿಂದ ಕೊಳ್ಳುವುದನ್ನು ಹಾಗೂ ಅವರಿಗೆ ಮಾರುವುದನ್ನು ಮುಕ್ತ ಮಾರುಕಟ್ಟೆ ಕಾರ್ಯಾಚರಣೆ ಎನ್ನುತ್ತಾರೆ. ಭಾರತದಲ್ಲಿ ಇದನ್ನು ಆರ್‌ಬಿಐ ನಡೆಸುತ್ತದೆ. ಆರ್‌ಬಿಐ ಬಾಂಡುಗಳನ್ನು ಕೊಂಡಾಗ ಅದರ ಮೌಲ್ಯವನ್ನು ಪಾವತಿಸುತ್ತದೆ. ಇದರಿಂದ ವಾಣಿಜ್ಯ ಬ್ಯಾಂಕುಗಳ ಮೀಸಲು ಹೆಚ್ಚುತ್ತದೆ. ಮೀಸಲು ಹೆಚ್ಚಿದ್ದರಿಂದ ಬ್ಯಾಂಕುಗಳ ಸಾಲ ನೀಡುವ ಸಾಮರ್ಥ್ಯ ಹೆಚ್ಚಿ ಹಣದ ಪೂರೈಕೆ ಏರುತ್ತದೆ. ಆರ್ಥಿಕ ಹಿಂಜರಿತದ ಸಮಯದಲ್ಲಿ ಆರ್‌ಬಿಐ ಹೀಗೆ ಬಾಂಡು ಕೊಳ್ಳುತ್ತದೆ. ಆರ್‌ಬಿಐ ಬಾಂಡುಗಳನ್ನು ಮಾರಿದಾಗ ಕೊಂಡವರ ಹಣ ಆರ್‌ಬಿಐಗೆ ಹಿಂದಿರುಗಿ ಬ್ಯಾಂಕುಗಳ ಮೀಸಲು ಕಡಿಮೆಯಾಗುತ್ತದೆ. ಆಗ ಸಾಲ ನೀಡುವ ಸಾಮರ್ಥ್ಯ ಕುಗ್ಗಿ ಹಣದ ಪೂರೈಕೆ ಇಳಿಯುತ್ತದೆ. ಹಣದುಬ್ಬರವನ್ನು ನಿಯಂತ್ರಿಸಲು ಆರ್‌ಬಿಐ ಬಾಂಡು ಮಾರುತ್ತದೆ. ಈ ಕಾರ್ಯಾಚರಣೆಯಲ್ಲಿ ಎರಡು ಬಗೆಗಳಿವೆ. ಮರಳಿ ಮಾರುವ ಅಥವಾ ಕೊಳ್ಳುವ ಕರಾರಿಲ್ಲದೆ ನಡೆಯುವುದು ನೇರ ಹಾಗೂ ಶಾಶ್ವತ ಸ್ವರೂಪದ ಕಾರ್ಯಾಚರಣೆ. ಮರಳಿ ಕೊಳ್ಳುವ ದಿನಾಂಕ ಮತ್ತು ಬೆಲೆಯನ್ನು ಮೊದಲೇ ನಿಗದಿಪಡಿಸಿ ನಡೆಯುವುದು ರೆಪೊ."

ಇದರಲ್ಲಿ ಮೀಸಲು ಅನ್ನೋ ಪದ ಕೊಳ್ಳೋ ಕಡೆಯೂ ಬಂದಿದೆ, ಮಾರೋ ಕಡೆಯೂ ಬಂದಿದೆ, ನೋಡು. ಒಂದು ಕಡೆ ಬರ್ದು ಇನ್ನೊಂದು ಕಡೆ "ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ" ಅಂತ ಮುಗಿಸಿದ್ರೆ ಕೆಲವರು ಕೊಡ್ತಾರೆ, ನಾನು ಅರ್ಧ ಹಿಡೀತೇನೆ, ಯಾಕಂದ್ರೆ ವಿರುದ್ಧ ಅಂದ್ರೆ ಏನು ಅಂತ ಆ ವಿದ್ಯಾರ್ಥಿಗೆ ಗೊತ್ತಿದ್ಯಾ ಇಲ್ವಾ ನಂಗೆ ಪೇಪರಲ್ಲಿ ಕಾಣೋದಿಲ್ಲ.

ಮೇಲಿನ ಲೆಕ್ಕದಲ್ಲಿ ಆರ್‌ಬಿಐ 50 ಕೋಟಿ ಕೊಳ್ಳೋ ಬದಲು 10 ಕೋಟಿ ಬಾಂಡ್ ಬ್ಯಾಂಕಿಗೆ ಮಾರಿತು ಅಂತಿಟ್ಕೊಂಡು ನೀನೇ ಮಾಡು, ಶುರುವಿನ 1,000, 100, 300, 600 ಇಟ್ಕೋ. ಮೀಸಲು 90 ಆಗ್ಬೇಕು, ಬಾಂಡ್ 310, ಅವತ್ತಿಗೆ ಠೇವಣಿ 1,000ವೇ. 90 ಕೋಟಿ ಮೀಸಲಿಗೆ ಎಷ್ಟು ಠೇವಣಿ ನಿಲ್ತದೆ, ಸಾಲ ಎಷ್ಟಕ್ಕೆ ಇಳೀಬೇಕು ಅಂತ ಲೆಕ್ಕ ಹಾಕು. ಸಾಲ 500 ಬಂದು ಮೂರೂ ಕೂಡಿದ್ರೆ 900 ಆಗದಿದ್ರೆ ಎಲ್ಲೋ ತಪ್ಪಿದೆ, ಆ ಹಾಳೆಯ ಫೋಟೋ ಕಳಿಸು, ನೋಡಿ ಹೇಳ್ತೇನೆ.